ಮನೆಯಲ್ಲೇ ಬೈಕ್ ಟೈರ್ ಬದಲಿಸುವುದು: ಲಿವರಿಗಿಂತ ಮಂಡಿಗೆ ಕೆಲಸ ಜಾಸ್ತಿ

ಟೈರು ಹಾಕುವಾಗ ಮುಕ್ಕಾಲು ಭಾಗ ಸಲೀಸಾಗಿ ರಿಮ್ಮಿನೊಳಗೆ ಹೋಗುತ್ತದೆ. ಕೊನೆಯ ಒಂದು ಗೇಣು ಮಾತ್ರ ಹಟ ಹಿಡಿದು ಹೊರಗೇ ನಿಲ್ಲುತ್ತದೆ. ಟ್ಯೂಬ್ ಹಾಳಾಗುವುದು, ರಿಮ್ಮಿನ ಅಂಚು ಬಗ್ಗುವುದು ಬಹುಪಾಲು ಅಲ್ಲೇ.

ಅಪ್ಪನ ಹಳೇ ಸ್ಪ್ಲೆಂಡರಿಗೆ ಮೊದಲ ಸಲ ನಾನೇ ಟೈರು ಹಾಕಿದಾಗ ಆ ಕೊನೆಯ ಗೇಣಿಗೆ ಟೈರು ಮೀಟುವ ಎರಡು ಲಿವರ್ ಕೊಟ್ಟು, ಮೈಭಾರವನ್ನೆಲ್ಲ ಹಾಕಿ ಎತ್ತಿದೆ. ಟಪ್ ಎಂದು ಒಳಗೆ ಹೋಯಿತು. ಗಾಳಿ ಹೊಡೆದೆ, ನಿಂತಿತು. ಸಂಜೆಗೆ ಟೈರು ನೆಲಕ್ಕೆ ಕೂತಿತ್ತು. ಟ್ಯೂಬ್ ತೆಗೆದು ನೋಡಿದರೆ ಹೊಚ್ಚ ಹೊಸ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು, ಒಂದೊಂದೂ ಅಕ್ಕಿಕಾಳಿನಷ್ಟು ಉದ್ದ. ಚಕ್ರ ಹೊತ್ತುಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಅಲ್ಲಿನ ಯಜಮಾನರು ತೇಪೆ ಹಾಕಿ, ಅದೇ ಕೊನೆಯ ಗೇಣನ್ನು ಒಂದೇ ಲಿವರಿನಲ್ಲಿ, ಕೈಗೆ ಏನೂ ಭಾರವಿಲ್ಲದವರಂತೆ ಒಳಗೆ ಕೂರಿಸಿದರು. "ಕೈಲಿ ಶಕ್ತಿ ಹಾಕ್ಬೇಡ ಮಾರಾಯಾ. ಆ ಕಡೆ ಬೀಡ್ ಎಲ್ಲಿದೆ ಅಂತ ಮೊದ್ಲು ನೋಡು" ಅಂದರು. ಅವರ ಎರಡೂ ಮಂಡಿ ಲಿವರಿನ ಎದುರುಗಡೆ ಟೈರಿನ ಮೇಲೆ ಒತ್ತಿಕೊಂಡಿದ್ದವು. ಈ ಕೆಲಸದ ಗುಟ್ಟೆಲ್ಲ ಆ ಮಂಡಿಯಲ್ಲಿದೆ. ಅದಕ್ಕೇ ಮೊದಲು ಅದನ್ನೇ ಹೇಳುತ್ತೇನೆ.

ರಿಮ್ಮಿನ ನಡುವಿನ ತಗ್ಗು

ಟೈರಿನ ಒಳಸುತ್ತಿನಲ್ಲಿ ದಪ್ಪಗೆ, ಗಟ್ಟಿಯಾಗಿ ಒಂದು ಅಂಚು ಇದೆ. ಅದೇ ಬೀಡ್. ಎರಡು ಪಕ್ಕಕ್ಕೆ ಎರಡು ಬೀಡ್. ಅದರೊಳಗೆ ಉಕ್ಕಿನ ತಂತಿಯ ಬಳೆ ಇರುತ್ತದೆ. ರಬ್ಬರ್ ಹಿಗ್ಗುತ್ತದೆ, ಆ ತಂತಿ ಹಿಗ್ಗುವುದಿಲ್ಲ. ರಿಮ್ಮಿನ ಅಂಚಿನ ಸುತ್ತಳತೆ ಈ ಬಳೆಗಿಂತ ದೊಡ್ಡದು. ಹಾಗಿಲ್ಲದಿದ್ದರೆ ಓಡುವಾಗಲೇ ಟೈರು ಕಳಚಿ ಬೀಳುತ್ತಿತ್ತು.

ಹಾಗಾದರೆ ಹಿಗ್ಗದ ಬಳೆಯನ್ನು ದೊಡ್ಡ ಅಂಚಿನ ಮೇಲಿಂದ ದಾಟಿಸುವುದು ಹೇಗೆ? ರಿಮ್ಮಿನ ಒಳಗೆ ನೋಡಿ. ಎರಡು ಅಂಚಿನ ಪಕ್ಕದಲ್ಲಿ ಬೀಡ್ ಕೂರುವ ಜಾಗ ಎತ್ತರದಲ್ಲಿದೆ. ನಡುವೆ, ಸ್ಪೋಕಿನ ತಲೆಗಳು ಇರುವ ಕಡೆ, ಉದ್ದಕ್ಕೂ ಒಂದು ತಗ್ಗು ಇದೆ. ಒಂದು ಕಡೆಯ ಬೀಡನ್ನು ಆ ತಗ್ಗಿಗೆ ಇಳಿಸಿದರೆ, ಇಡೀ ಬಳೆ ಆ ಕಡೆಗೆ ಸರಿಯುತ್ತದೆ. ಆಗ ಎದುರು ಕಡೆ ಅಷ್ಟೇ ಸಡಿಲ ಸಿಗುತ್ತದೆ. ಅಂಚು ದಾಟಿಸಲು ಬೇಕಾದ ಸಡಿಲ ಅಷ್ಟೇ. ಎದುರು ಕಡೆಯ ಬೀಡ್ ತಗ್ಗಿನಲ್ಲಿ ಇಲ್ಲದೆ ಮೇಲೆ ಏರಿ ಕೂತಿದ್ದರೆ ನೀವು ಹಿಗ್ಗದ ಉಕ್ಕನ್ನು ಎಳೆಯುತ್ತಿದ್ದೀರಿ ಎಂದರ್ಥ. ಆಗ ಬಗ್ಗುವುದು ರಿಮ್ಮು, ಹರಿಯುವುದು ಟ್ಯೂಬು. ಬೀಡಿನ ತಂತಿಯೂ ಮುರಿಯಬಹುದು. ಮುರಿದರೆ ಹೊಸ ಟೈರು ಅಲ್ಲಿಗೇ ಮುಗಿಯಿತು.

ಲಿವರ್ ಭಾರ ಅನ್ನಿಸಿದ ಕೂಡಲೇ ನಿಲ್ಲಿಸಿ. ಎದುರು ಕಡೆ ನೋಡಿ. ಮಂಡಿಯಿಂದ ಒತ್ತಿ ಬೀಡನ್ನು ಮತ್ತೆ ತಗ್ಗಿಗೆ ಇಳಿಸಿ. ಕೆಳಗೆ ಹೇಳುವ ಪ್ರತಿ ಹಂತದಲ್ಲೂ ಇದು ಬರುತ್ತದೆ.

ಯಾವ ಚಕ್ರ, ಏನೇನು ಬೇಕು

ನಾನಿಲ್ಲಿ ಹೇಳುವುದು ಸ್ಪೋಕ್ ಚಕ್ರದ ಹಳೇ ಸ್ಪ್ಲೆಂಡರಿನ ಹಿಂದಿನ ಟೈರಿನ ಬಗ್ಗೆ. ಟೈರಿನ ಮೇಲೆ 2.75-18 ಎಂದು ಬರೆದಿದೆ. ಅಂದರೆ ಹೆಚ್ಚುಕಡಿಮೆ ಎರಡೂ ಮುಕ್ಕಾಲು ಇಂಚು ಅಗಲ, 18 ಇಂಚಿನ ರಿಮ್ಮು. ಒಳಗೆ ಟ್ಯೂಬ್ ಇದೆ. ಟ್ಯೂಬ್ ಇರುವ ಬೇರೆ ಬೈಕುಗಳಿಗೂ ಕ್ರಮ ಇದೇ. ಬುಲೆಟ್ಟಿನಂಥ ದಪ್ಪ ಟೈರಿಗೆ ಬೀಡ್ ಬಿಡಿಸುವಾಗ ಶ್ರಮ ಜಾಸ್ತಿ, ಅಷ್ಟೇ. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟೈರನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಬೀಡ್ ಕೂರಿಸಲು ಒಮ್ಮೆಲೇ ರಭಸವಾಗಿ ಗಾಳಿ ನುಗ್ಗಬೇಕು, ಕಾಲಿನಲ್ಲಿ ಒತ್ತುವ ಪಂಪಿನಿಂದ ಅದು ಸಾಮಾನ್ಯವಾಗಿ ಆಗುವುದಿಲ್ಲ. ಅಲಾಯ್ ರಿಮ್ಮಿನ ಅಂಚಿಗೆ ಗೀರು ಬಿದ್ದರೆ ಅಲ್ಲಿಂದಲೇ ಗಾಳಿ ಸೋರುತ್ತದೆ. ಅದನ್ನು ಮಷೀನ್ ಇರುವ ಅಂಗಡಿಯಲ್ಲೇ ಮಾಡಿಸಿ.

ಟೈರ್ ಲಿವರ್ ಮೂರು ಬೇಕು, ಒಂದಡಿ ಉದ್ದದ್ದಾದರೆ ಸಾಕು. ತುದಿ ಚಮಚದಂತೆ ಚಪ್ಪಟೆಯಾಗಿ, ಉರುಟಾಗಿ ಇರಲಿ. ಹೊಸ ಲಿವರಿನ ತುದಿಯ ಮೇಲೆ ಹೆಬ್ಬೆರಳು ಎಳೆದು ನೋಡಿ. ಚರ್ಮಕ್ಕೆ ತಾಗುವ ಚೂಪು ಸಿಕ್ಕರೆ ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ. ನಿಮ್ಮ ಬೆರಳಿಗೆ ತಾಗಿದ್ದು ಟ್ಯೂಬಿಗೂ ತಾಗುತ್ತದೆ. ಸ್ಕ್ರೂಡ್ರೈವರ್ ಮಾತ್ರ ಬೇಡವೇ ಬೇಡ, ಅದರ ಮೂಲೆ ಟ್ಯೂಬನ್ನು ಸೀಳುತ್ತದೆ, ರಿಮ್ಮಿಗೆ ಕಚ್ಚು ಬೀಳಿಸುತ್ತದೆ.

ಉಳಿದದ್ದು ಸುಲಭ. ಆಕ್ಸಲ್ ನಟ್ಟಿಗೆ ಸರಿಹೊಂದುವ ರಿಂಗ್ ಸ್ಪ್ಯಾನರು, ವಾಲ್ವ್ ಪಿನ್ ತೆಗೆಯುವ ಕೀಲಿ, ಪಂಪು, ಗಾಳಿ ಅಳೆಯುವ ಗೇಜು, ಪೌಡರ್ ಡಬ್ಬಿ, ಒಂದು ಬಕೆಟ್ ನೀರು, ಒಂದು ಹಳೇ ಟೈರು ಅಥವಾ ಮಡಿಚಿದ ಗೋಣಿಚೀಲ. ರಿಮ್ಮಿನ ಅಂಚಿಗೆ ಇಡಲು ಹಳೇ ಎಣ್ಣೆ ಕ್ಯಾನನ್ನು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿಕೊಳ್ಳಿ. ಲಿವರ್ ಮತ್ತು ರಿಮ್ಮಿನ ನಡುವೆ ಆ ಪ್ಲಾಸ್ಟಿಕ್ ಇದ್ದರೆ ಕ್ರೋಮ್ ಏಳುವುದಿಲ್ಲ.

ಜಾರಿಸಲು ಸೋಪಿನ ನೀರು ಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಚಮಚ, ಅರ್ಧ ಲೀಟರ್ ನೀರು. ಎಂಜಿನ್ ಆಯಿಲ್, ಗ್ರೀಸ್, ಸೀಮೆಎಣ್ಣೆ ಹಚ್ಚಬೇಡಿ. ಅವು ಬೇಗ ಒಣಗುವುದಿಲ್ಲ. ರಬ್ಬರನ್ನು ತಿನ್ನುತ್ತವೆ. ಅದಕ್ಕಿಂತ ಮುಖ್ಯವಾಗಿ, ಬ್ರೇಕ್ ಹಿಡಿದಾಗ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಜೊತೆಗೆ ಟ್ಯೂಬನ್ನೂ ಎಳೆದುಕೊಂಡು ಹೋಗಿ ವಾಲ್ವಿನ ಬುಡ ಹರಿಯುತ್ತದೆ. ಸೋಪಿನ ನೀರು ಕೆಲಸವಾಗುವ ತನಕ ಜಾರಿ, ಆಮೇಲೆ ಒಣಗಿ ಬೀಡನ್ನು ಹಿಡಿದುಕೊಳ್ಳುತ್ತದೆ.

ಚಕ್ರ ಬಿಚ್ಚುವುದು

ಸಮತಟ್ಟಾದ ನೆಲದಲ್ಲಿ ಬೈಕಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ. ಬ್ರೇಕ್ ರಾಡಿನ ತುದಿಯ ನಟ್ ಬಿಚ್ಚಿ, ಸ್ಪ್ರಿಂಗ್ ಮತ್ತು ಪಿನ್ನನ್ನು ವಾಪಸ್ ರಾಡಿಗೇ ಸಿಕ್ಕಿಸಿಡಿ, ಕಳೆಯುವುದಿಲ್ಲ. ಬ್ರೇಕ್ ಪ್ಲೇಟನ್ನು ಹಿಡಿದಿರುವ ಪಟ್ಟಿಯ ನಟ್ ಬಿಚ್ಚಿ. ಆಮೇಲೆ ಆಕ್ಸಲ್ ನಟ್ ಬಿಚ್ಚಿ ಆಕ್ಸಲನ್ನು ಎಳೆಯಿರಿ. ಈ ಬೈಕಿನಲ್ಲಿ ಚೈನ್ ಮುಟ್ಟಬೇಕಿಲ್ಲ. ಸ್ಪ್ರಾಕೆಟ್ ಅದರ ಜಾಗದಲ್ಲೇ ಉಳಿಯುತ್ತದೆ, ಅದನ್ನು ಹಿಡಿದಿರುವ ಒಳಗಿನ ದೊಡ್ಡ ನಟ್ ಹಾಗೇ ಇರಲಿ. ಆಕ್ಸಲ್ ಬರುವಾಗ ಸ್ಪೇಸರ್ ಕೆಳಗೆ ಬೀಳುತ್ತದೆ. ಅದು ಯಾವ ಕಡೆಯದು, ಯಾವ ಮುಖ ಹೊರಗೆ ಎಂದು ಬಿಚ್ಚುವ ಮೊದಲೇ ಫೋನಿನಲ್ಲಿ ಫೋಟೋ ತೆಗೆದಿಡಿ.

ಚಕ್ರ ಈಚೆ ಬಂದ ಮೇಲೆ ಬ್ರೇಕ್ ಪ್ಲೇಟನ್ನು ಬೇರೆ ಇಡಿ. ಲೈನರ್‌ಗೆ, ಡ್ರಮ್ಮಿಗೆ ಸೋಪಿನ ನೀರು ತಾಗಬಾರದು. ಡಿಸ್ಕ್ ಬ್ರೇಕಿನ ಚಕ್ರವಾದರೆ ಡಿಸ್ಕ್ ನೆಲಕ್ಕೆ ಒತ್ತದಂತೆ ಹಳೇ ಟೈರಿನ ಮೇಲೆಯೇ ಮಲಗಿಸಿ. ಬಗ್ಗಿದ ಡಿಸ್ಕ್ ಸರಿಮಾಡುವ ಖರ್ಚು ಟೈರಿನ ಖರ್ಚನ್ನು ಮೀರಬಹುದು.

ಬೀಡ್ ಬಿಡಿಸುವುದು

ವಾಲ್ವ್ ಪಿನ್ ಪೂರ್ತಿ ತೆಗೆಯಿರಿ. ಸುಮ್ನೆ ಒತ್ತಿ ಗಾಳಿ ಬಿಟ್ಟರೆ ಸಾಲದು, ಒಳಗೆ ಉಳಿದ ಸ್ವಲ್ಪ ಗಾಳಿಯೂ ಬೀಡನ್ನು ಅಂಚಿಗೆ ತಳ್ಳುತ್ತಲೇ ಇರುತ್ತದೆ. ವಾಲ್ವಿನ ನಟ್ ತೆಗೆದು, ವಾಲ್ವನ್ನು ಒಂದಿಷ್ಟು ಒಳಕ್ಕೆ ನೂಕಿ.

ವರ್ಷಗಟ್ಟಲೆ ಅಲ್ಲೇ ಕೂತ ಬೀಡ್ ತುಕ್ಕಿನ ಜೊತೆ ಅಂಟಿಕೊಂಡಿರುತ್ತದೆ. ಅಂಚಿನ ಸುತ್ತ ಸೋಪಿನ ನೀರು ಸುರಿದು ಐದು ನಿಮಿಷ ಬಿಡಿ. ಆಮೇಲೆ ಚಕ್ರ ಮಲಗಿಸಿ, ರಿಮ್ಮಿನ ಅಂಚಿಗೆ ತಾಗಿದಂತೆ ಟೈರಿನ ಪಕ್ಕದ ಮೇಲೆ ಹಿಮ್ಮಡಿಯಿಟ್ಟು ಮೈಭಾರ ಹಾಕಿ. ತೆಳು ಟೈರುಗಳು ಸುಮಾರಾಗಿ ಇಷ್ಟಕ್ಕೇ ಬಿಡುತ್ತವೆ. ಬೀಡ್ ಬಿಟ್ಟಾಗ ಟೈರು ಒಮ್ಮೆಲೇ ಕೆಳಕ್ಕೆ ಕುಸಿಯುತ್ತದೆ, ಕಾಲಿಗೆ ಗೊತ್ತಾಗುತ್ತದೆ. ಒಂದು ಕಡೆ ಬಿಟ್ಟ ಮೇಲೆ ಪಕ್ಕಕ್ಕೆ ಹೆಜ್ಜೆ ಸರಿಸುತ್ತ ಸುತ್ತ ಬಂದರೆ ಪೂರ್ತಿ ಬಿಡುತ್ತದೆ.

ಬಿಡದಿದ್ದರೆ ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡ್ ಬಳಸಿ. ಚಕ್ರವನ್ನು ಆ ಬೈಕಿನ ಎಡಕ್ಕೆ ಮಲಗಿಸಿ. ಸ್ಟ್ಯಾಂಡಿನ ಪಾದವನ್ನು ಟೈರಿನ ಪಕ್ಕದ ಮೇಲೆ, ರಿಮ್ಮಿನ ಅಂಚಿನಿಂದ ಒಂದು ಬೆರಳು ದೂರದಲ್ಲಿ ಇಡಿ. ಈಗ ಬೈಕನ್ನು ನಿಧಾನಕ್ಕೆ ಸ್ಟ್ಯಾಂಡಿನ ಕಡೆ ವಾಲಿಸಿ. ಬೈಕಿನ ಭಾರ ಆ ಸಣ್ಣ ಪಾದದ ಮೇಲೆ ಬಿದ್ದು ಬೀಡ್ ತಗ್ಗಿಗೆ ಇಳಿಯುತ್ತದೆ. ಒಬ್ಬರು ಬೈಕ್ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಪಾದ ಎಲ್ಲಿ ಕೂತಿದೆ ನೋಡಬೇಕು. ಪಾದ ರಿಮ್ಮಿನ ಮೇಲೋ ಸ್ಪೋಕಿನ ಮೇಲೋ ಬಿದ್ದರೆ ರಿಮ್ಮಿಗೆ ಪೆಟ್ಟು. ತೀರಾ ದೂರ, ಟೈರಿನ ನಡುಭಾಗದಲ್ಲಿ ಇಟ್ಟರೆ ಟೈರು ಬಾಗುತ್ತದೆಯೇ ಹೊರತು ಬೀಡ್ ಬಿಡುವುದಿಲ್ಲ. ಒಂದೊಂದು ಗೇಣು ಚಕ್ರ ತಿರುಗಿಸಿ ಮತ್ತೆ ಒತ್ತಿ.

ಇನ್ನೂ ಅಂಟಿಕೊಂಡಿದ್ದರೆ ಕೆಲವರು ಸುತ್ತಿಗೆಯಿಂದ ಬಡಿಯುತ್ತಾರೆ, ಕೆಲವರು ಲಿವರನ್ನು ಬೀಡಿನ ಕೆಳಗೆ ತುರುಕಿ ಮೀಟುತ್ತಾರೆ. ಎರಡೂ ಬೇಡ. ಮೀಟಿದರೆ ರಿಮ್ಮಿನ ಅಂಚು ಹೊರಕ್ಕೆ ತೆರೆದುಕೊಳ್ಳುತ್ತದೆ. ಮತ್ತೆ ಸೋಪಿನ ನೀರು ಹಾಕಿ ಕಾಯಿರಿ, ಬಿಸಿಲಿಗೆ ಇಡಿ, ಮತ್ತೆ ಒತ್ತಿ.

ಒಂದು ಪಕ್ಕ ಆದ ಮೇಲೆ ಚಕ್ರ ಮಗುಚಿ ಇನ್ನೊಂದು ಪಕ್ಕವನ್ನೂ ಹೀಗೇ ಬಿಡಿಸಿ. ಮೇಲಿನ ಬೀಡ್ ಮಾತ್ರ ಬಿಡಿಸಿ ಲಿವರ್ ಹಾಕಲು ಹೋಗುವುದು ಹೊಸಬರು ಮಾಡುವ ತಪ್ಪು. ಕೆಳಗಿನ ಬೀಡ್ ಅಂಟಿಕೊಂಡಿದ್ದರೆ ಟೈರು ಅಲುಗಾಡುವುದಿಲ್ಲ, ಟ್ಯೂಬಿಗೆ ಒಳಗೆ ಸರಿಯಲು ಜಾಗವೂ ಇರುವುದಿಲ್ಲ.

ಹಳೇ ಟೈರು ತೆಗೆಯುವುದು

ಲಿವರ್ ಶುರು ಮಾಡಬೇಕಾದ ಜಾಗ ವಾಲ್ವಿನ ಹತ್ತಿರ. ಕಾರಣ ಸರಳ. ವಾಲ್ವ್ ಇರುವ ಕಡೆ ತಗ್ಗಿನಲ್ಲಿ ಟ್ಯೂಬಿನ ದಪ್ಪ ಬುಡ ಕೂತಿರುತ್ತದೆ, ಬೀಡ್ ಅಲ್ಲಿ ಪೂರ್ತಿ ಇಳಿಯುವುದಿಲ್ಲ. ವಾಲ್ವಿನ ಎದುರು ಕಡೆ ತಗ್ಗು ಖಾಲಿ. ಹಾಗಾಗಿ ಮಂಡಿ ಎದುರು ಕಡೆ, ಲಿವರ್ ವಾಲ್ವಿನ ಕಡೆ.

ಚಕ್ರದ ಎದುರು ಕಡೆ ಎರಡೂ ಮಂಡಿಯೂರಿ ಬೀಡನ್ನು ತಗ್ಗಿಗೆ ಇಳಿಸಿ. ವಾಲ್ವಿನಿಂದ ನಾಲ್ಕು ಬೆರಳು ಆಚೆ ಮೊದಲ ಲಿವರಿನ ತುದಿಯನ್ನು ಬೀಡಿನ ಕೆಳಗೆ ಹಾಕಿ. ಎಷ್ಟು ಆಳ? ಬೀಡ್ ಸಿಕ್ಕಿಕೊಳ್ಳುವಷ್ಟು ಮಾತ್ರ. ಜಾಸ್ತಿ ತೂರಿಸಿದರೆ ತುದಿ ಟ್ಯೂಬನ್ನೂ ಸೇರಿಸಿಕೊಂಡು ಮೇಲೆತ್ತುತ್ತದೆ. ಲಿವರನ್ನು ಕೆಳಕ್ಕೆ ಒತ್ತಿ, ಬೀಡ್ ಅಂಚಿನ ಮೇಲೆ ಬಂದ ಕೂಡಲೇ ಹಿಡಿದುಕೊಳ್ಳಿ. ಎರಡನೇ ಲಿವರ್ ಅಲ್ಲಿಂದ ಎರಡು ಮೂರು ಬೆರಳಷ್ಟೇ ದೂರ. ಆಸೆಪಟ್ಟು ಅಂಗೈಯಗಲ ಬಿಟ್ಟರೆ ಭಾರವಾಗುತ್ತದೆ, ಆಗ ಕೈ ತಾನಾಗಿ ಜೋರು ಮಾಡುತ್ತದೆ, ಅಲ್ಲೇ ಅಂಚು ಬಗ್ಗುವುದು. ಮೂರನೆಯದು ಹಾಕಿದ ಮೇಲೆ ನಡುವಿನ ಲಿವರ್ ಸಡಿಲವಾಗಿ ಈಚೆ ಬರುತ್ತದೆ, ಅದನ್ನು ಮುಂದಕ್ಕೆ ಹಾಕಿ. ನಾಲ್ಕೈದು ಸಲ ಹೀಗೆ ಮಾಡಿದರೆ ಉಳಿದ ಬೀಡ್ ಕೈಯಲ್ಲೇ ಬಿಚ್ಚಿಕೊಂಡು ಬರುತ್ತದೆ.

ಈಗ ಒಳಗೆ ಕೈಹಾಕಿ ಟ್ಯೂಬ್ ಎಳೆಯಿರಿ. ಹೊರತೆಗೆಯುವ ಮೊದಲು ಟ್ಯೂಬ್ ಮತ್ತು ಟೈರಿನ ಒಂದೇ ಪಕ್ಕಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಹಳೇ ಟ್ಯೂಬಿನಲ್ಲಿ ತೂತು ಇದ್ದರೆ ಅದು ಟೈರಿನ, ರಿಮ್ಮಿನ ಯಾವ ಜಾಗಕ್ಕೆ ಬರುತ್ತದೆ ಎಂದು ಹುಡುಕಲು ಈ ಗುರುತು ಬೇಕಾಗುತ್ತದೆ. ಎರಡನೇ ಬೀಡ್ ತೆಗೆಯಲು ಚಕ್ರವನ್ನು ನೆಟ್ಟಗೆ ನಿಲ್ಲಿಸಿ, ಅದೇ ಪಕ್ಕದಿಂದ ಲಿವರನ್ನು ಆಚೆಯ ಬೀಡಿನ ಕೆಳಗೆ ಕೊಟ್ಟು ರಿಮ್ಮನ್ನು ಟೈರಿನಿಂದ ಹೊರಕ್ಕೆ ತಳ್ಳಿ. ಈಗ ಟ್ಯೂಬ್ ಇಲ್ಲ, ಅದರ ಭಯವೂ ಇಲ್ಲ.

ಬರಿಗೈಯಲ್ಲಿ ರಿಮ್ಮು ತಡವುವುದು

ಇಲ್ಲಿ ಹತ್ತು ನಿಮಿಷ ನಿಲ್ಲಿ. ರಿಮ್ಮಿನ ನಡುವೆ ಸುತ್ತಿರುವ ರಬ್ಬರ್ ಪಟ್ಟಿ ತೆಗೆದು ನೋಡಿ. ಅದು ಸ್ಪೋಕಿನ ತಲೆಗಳಿಂದ ಟ್ಯೂಬನ್ನು ಕಾಪಾಡುತ್ತದೆ. ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಸ್ಪೋಕ್ ಬಿಗಿ ಮಾಡಿಸಿದ ಚಕ್ರದಲ್ಲಿ ಕೆಲವು ಸ್ಪೋಕಿನ ತುದಿ ತಲೆಯನ್ನು ದಾಟಿ ಮೇಲೆ ಬಂದಿರುತ್ತದೆ. ಬೆರಳಿಗೆ ಮುಳ್ಳಿನಂತೆ ಸಿಗುವ ತುದಿಯನ್ನು ಅರದಿಂದ ಉಜ್ಜಿ ತಲೆಯ ಮಟ್ಟಕ್ಕೆ ತನ್ನಿ.

ಬೀಡ್ ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್ಷಿನಿಂದ, ಆಮೇಲೆ ಮರಳು ಕಾಗದದಿಂದ ತೆಗೆದು ಒರೆಸಿ. ನಮ್ಮ ಮಲೆನಾಡಿನ ಮಳೆಗೆ ಹಳೇ ರಿಮ್ಮಿನೊಳಗೆ ತುಕ್ಕು ಹೊಟ್ಟಿನಂತೆ ಏಳುತ್ತದೆ. ಅದರ ಮೇಲೆ ಕೂತ ಟೈರು ಒಂದೇ ಸಮ ಕೂರುವುದಿಲ್ಲ.

ಹಳೇ ಟ್ಯೂಬಿಗೆ ಸ್ವಲ್ಪ ಗಾಳಿ ಹೊಡೆದು ಬಕೆಟ್ಟಿನಲ್ಲಿ ಮುಳುಗಿಸಿ. ತೂತು ಇರುವ ಜಾಗವೇ ಕಾರಣ ಹೇಳುತ್ತದೆ. ಟ್ಯೂಬಿನ ಹೊರಸುತ್ತಿನಲ್ಲಿದ್ದರೆ ಮುಳ್ಳು ಅಥವಾ ಮೊಳೆ. ಒಳಸುತ್ತಿನಲ್ಲಿ, ರಿಮ್ಮಿನ ಕಡೆ ಇದ್ದರೆ ಸ್ಪೋಕಿನ ತುದಿ ಅಥವಾ ಹಾಳಾದ ಪಟ್ಟಿ. ವಾಲ್ವಿನ ಬುಡದಲ್ಲಿ ಹರಿದಿದ್ದರೆ ಕಡಿಮೆ ಗಾಳಿಯಲ್ಲಿ ಓಡಿಸಿ ಟೈರು ರಿಮ್ಮಿನ ಮೇಲೆ ಜಾರಿದೆ. ಅಕ್ಕಪಕ್ಕ ಜೋಡಿ ಸೀಳು ಇದ್ದರೆ ಟ್ಯೂಬ್ ಎರಡು ಗಟ್ಟಿ ವಸ್ತುಗಳ ನಡುವೆ ಸಿಕ್ಕಿದೆ. ಟೈರು ಹಾಕಿದ ದಿನವೇ ಇದಾದರೆ ಅದು ಲಿವರಿನ ಗುರುತು. ಎಷ್ಟೋ ದಿನ ಚೆನ್ನಾಗಿ ಓಡಿದ ಮೇಲೆ ಆದರೆ ಗಾಳಿ ಕಡಿಮೆ ಇದ್ದಾಗ ಗುಂಡಿಗೆ ಬಿದ್ದು ಟ್ಯೂಬ್ ರಿಮ್ಮಿಗೂ ಟೈರಿಗೂ ನಡುವೆ ಜಜ್ಜಿದೆ. ನನ್ನ ಮೊದಲ ಟ್ಯೂಬಿನ ಸೀಳು ವಾಲ್ವಿನಿಂದ ಮೊಣಕೈಯುದ್ದ ದೂರದಲ್ಲಿತ್ತು. ನಾನು ಕೊನೆಯ ಗೇಣನ್ನು ಎರಡು ಲಿವರಿನಲ್ಲಿ ಎತ್ತಿದ್ದು ಸರಿಯಾಗಿ ಆ ಜಾಗದಲ್ಲೇ.

ಹೊಸ ಟೈರಿಗೆ ಆದಷ್ಟೂ ಹೊಸ ಟ್ಯೂಬೇ ಹಾಕಿ. ಬಳಸಿದ ಟ್ಯೂಬ್ ಹಿಗ್ಗಿ ದೊಡ್ಡದಾಗಿರುತ್ತದೆ. ಒಳಗೆ ಮಡಿಕೆ ಬಿದ್ದು, ಆ ಮಡಿಕೆ ಉಜ್ಜಿ ಉಜ್ಜಿ ತೂತಾಗುತ್ತದೆ. ಟ್ಯೂಬಿನ ಮೇಲೂ ಅಳತೆ ಬರೆದಿರುತ್ತದೆ, ಅದು ಟೈರಿನ ಅಳತೆಗೆ ಹೊಂದಬೇಕು.

ಹೊಸ ಟೈರು ಹಾಕುವುದು

ಟೈರನ್ನು ಒಂದು ಗಂಟೆ ಬಿಸಿಲಿಗೆ ಇಡಿ. ಬಿಸಿಯಾದ ರಬ್ಬರ್ ಬಾಗುತ್ತದೆ, ಕೆಲಸ ಅರ್ಧಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಟೈರಿನ ಪಕ್ಕ ಓದಿ. ನಾಲ್ಕು ಅಂಕಿಯ ತಯಾರಿಕೆ ಗುರುತು ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಬಾಣದ ಗುರುತು ಇದ್ದರೆ ಚಕ್ರ ಮುಂದೆ ಉರುಳುವ ದಿಕ್ಕಿಗೆ ಬಾಣ ಬರಬೇಕು. ಹಾಕಿ ಮುಗಿಸಿದ ಮೇಲೆ ಉಲ್ಟಾ ಎಂದು ಗೊತ್ತಾದರೆ ಇಡೀ ಕೆಲಸ ಮತ್ತೆ ಮಾಡಬೇಕು. ಅದಕ್ಕೆ ಸ್ಪ್ರಾಕೆಟ್ ಯಾವ ಕಡೆ ಬರುತ್ತದೆ ನೋಡಿಕೊಂಡು, ಟೈರನ್ನು ರಿಮ್ಮಿನ ಮೇಲಿಟ್ಟು ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಪಕ್ಕದಲ್ಲಿ ಹಳದಿ ಚುಕ್ಕೆ ಇದ್ದರೆ ಅದನ್ನು ವಾಲ್ವಿನ ನೇರಕ್ಕೆ ತನ್ನಿ. ಟೈರಿನ ಹಗುರಾದ ಜಾಗ ಅದು.

ಎರಡೂ ಬೀಡಿಗೆ ಸೋಪಿನ ನೀರು ಹಚ್ಚಿ. ಮೊದಲ ಬೀಡ್ ಹೆಚ್ಚುಕಡಿಮೆ ಕೈಯಿಂದಲೇ ಹೋಗುತ್ತದೆ. ಟೈರನ್ನು ಓರೆಯಾಗಿ ಹಿಡಿದು ಒಂದು ಕಡೆ ತಗ್ಗಿಗೆ ಇಳಿಸಿ, ಉಳಿದದ್ದನ್ನು ಅಂಗೈಯಿಂದ ಒತ್ತಿ. ಕೊನೆಗೆ ಒಂದು ಲಿವರ್ ಬೇಕಾಗಬಹುದು.

ಟ್ಯೂಬಿಗೆ ಪೌಡರ್ ಸವರಿ. ಪಿನ್ ಹಾಕಿ, ಟ್ಯೂಬ್ ಉಂಗುರದ ಆಕಾರಕ್ಕೆ ಬರುವಷ್ಟು ಮಾತ್ರ ಗಾಳಿ ಹಾಕಿ. ಎರಡು ಬೆರಳಲ್ಲಿ ಹಿಸುಕಿದರೆ ಬೆರಳುಗಳು ಒಂದಕ್ಕೊಂದು ಸುಲಭವಾಗಿ ತಾಗಬೇಕು. ಗಾಳಿ ಇಲ್ಲವೇ ಇಲ್ಲ ಅಂದರೆ ಜೋಲುಬಿದ್ದ ಟ್ಯೂಬ್ ಬೀಡಿನ ಕೆಳಗೆ ಬರುತ್ತದೆ. ಜಾಸ್ತಿಯಾದರೆ ಲಿವರಿಗೆ ಅಡ್ಡ ಬರುತ್ತದೆ. ವಾಲ್ವನ್ನು ತೂತಿನಲ್ಲಿ ತೂರಿಸಿ ನಟ್ಟನ್ನು ಎರಡೇ ಸುತ್ತು ಹಾಕಿ ಬಿಡಿ, ಒಳಗೆ ಬೀಳದಿದ್ದರೆ ಸಾಕು. ಟ್ಯೂಬನ್ನು ಸುತ್ತ ಟೈರಿನೊಳಗೆ ಸೇರಿಸುತ್ತಾ ಬನ್ನಿ, ಎಲ್ಲೂ ತಿರುಚಿಕೊಂಡಿರಬಾರದು.

ಈಗ ಎರಡನೇ ಬೀಡ್. ವಾಲ್ವಿನ ಎದುರು ಕಡೆಯಿಂದ ಶುರು ಮಾಡಿ, ವಾಲ್ವಿನ ಹತ್ತಿರ ಮುಗಿಸಬೇಕು. ಉಲ್ಟಾ ಮಾಡಿದರೆ ಕೊನೆಯ ಗೇಣಿನ ಹೊತ್ತಿಗೆ ಎದುರು ಕಡೆ ವಾಲ್ವ್ ಇರುತ್ತದೆ, ಬೀಡ್ ತಗ್ಗಿಗೆ ಇಳಿಯುವುದಿಲ್ಲ. ನಾನು ಮೊದಲ ಸಲ ಮಾಡಿದ್ದು ಹೀಗೇ. ಎದುರು ಕಡೆ ಬೀಡನ್ನು ಕೈಯಿಂದ ಒಳಗೆ ಒತ್ತಿ, ಅಲ್ಲಿ ಎರಡೂ ಮಂಡಿ ಇಟ್ಟು, ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಬನ್ನಿ. ಕೈಗೆ ಬಗ್ಗದ ಹೊತ್ತಿಗೆ ಲಿವರ್ ಹಿಡಿಯಿರಿ.

ಪ್ರತಿ ಸಲ ಲಿವರ್ ಹಾಕುವ ಮೊದಲು ಬೀಡನ್ನು ಎತ್ತಿ ಒಳಗೆ ನೋಡಿ. ಅಂಚಿನ ಹತ್ತಿರ ಟ್ಯೂಬಿನ ಕಪ್ಪು ಬಣ್ಣ ಕಾಣುತ್ತಿದ್ದರೆ ಬೆರಳಿನಿಂದ ಒಳಕ್ಕೆ ತಳ್ಳಿ. ಲಿವರಿನ ತುದಿ ರಿಮ್ಮಿನ ಅಂಚಿಗೆ ಸಿಕ್ಕಿಕೊಂಡರೆ ಸಾಕು, ಒಳಕ್ಕೆ ತೂರಬಾರದು. ಎತ್ತುವಾಗ ಲಿವರ್ ನೆಟ್ಟಗೆ ನಿಲ್ಲುವಷ್ಟರಲ್ಲಿ ಬೀಡ್ ಅಂಚು ದಾಟಬೇಕು. ನೆಟ್ಟಗೆ ನಿಂತ ಮೇಲೂ ಬಗ್ಗಿಸುತ್ತಾ ಹೋದರೆ ತುದಿ ಒಳಗೆ ತಿರುಗಿ ಟ್ಯೂಬನ್ನು ರಿಮ್ಮಿಗೆ ಒತ್ತಿ ಕಚ್ಚುತ್ತದೆ. ಜೋಡಿ ಸೀಳು ಬೀಳುವುದು ಆ ಹೊತ್ತಿನಲ್ಲಿ.

ಕೊನೆಯ ಗೇಣು ಬಂತು. ಇಲ್ಲಿ ಲಿವರ್ ಕೆಳಗಿಟ್ಟುಬಿಡಿ. ವಾಲ್ವನ್ನು ಹೊರಗಿನಿಂದ ಒಳಕ್ಕೆ ಒತ್ತಿ, ಟ್ಯೂಬಿನ ಬುಡ ಬೀಡಿನ ಕೆಳಗಿಂದ ಮೇಲೆ ಸರಿಯಲಿ. ಎದ್ದು ಎದುರು ಕಡೆ ಹೋಗಿ, ಬೀಡನ್ನು ಎರಡೂ ಕೈಯಿಂದ ತಗ್ಗಿಗೆ ಇಳಿಸಿ. ಅಲ್ಲಿಂದ ಎರಡೂ ಕೈಯಲ್ಲಿ ಟೈರನ್ನು ಹಿಸುಕುತ್ತಾ ವಾಲ್ವಿನ ಕಡೆ ಬನ್ನಿ. ಹೀಗೆ ಮಾಡಿದರೆ ಸುತ್ತಲಿನ ಸಡಿಲವೆಲ್ಲ ಕೊನೆಯ ಗೇಣಿಗೆ ಬಂದು ಸೇರುತ್ತದೆ. ಇನ್ನೊಂದು ಸಲ ಸೋಪಿನ ನೀರು ಹಚ್ಚಿ. ಮಂಡಿ ವಾಪಸ್ ಎದುರು ಕಡೆಗೆ. ಈಗ ಒಂದು ಬೆರಳು, ಎರಡು ಬೆರಳಿನಷ್ಟೇ ಸಣ್ಣ ಸಣ್ಣದಾಗಿ ಲಿವರ್ ಹಾಕಿ. ಕೊನೆಯ ತುಂಡು ಅಂಗೈಯ ಬುಡದಿಂದ ಗುದ್ದಿದರೂ ಸದ್ದಿಲ್ಲದೆ ಒಳಗೆ ಜಾರುತ್ತದೆ. ಭಾರವಾಗಿ, ಟಪ್ ಎಂದು ಹಾರಿ ಕೂತರೆ ಅನುಮಾನ ಪಡಿ, ಟ್ಯೂಬ್ ಪರೀಕ್ಷಿಸಿ.

ಗಾಳಿ ಹಾಕಿ ಬೀಡ್ ಕೂರಿಸುವುದು

ಗಾಳಿ ಹಾಕುವ ಮೊದಲು ಸುತ್ತಲೂ ಟೈರಿನ ಪಕ್ಕವನ್ನು ಒಳಕ್ಕೆ ಒತ್ತಿ, ಬೀಡ್ ಮತ್ತು ರಿಮ್ಮಿನ ನಡುವೆ ಟ್ಯೂಬ್ ಇಣುಕುತ್ತಿದೆಯೇ ನೋಡಿ. ಎರಡೂ ಪಕ್ಕ ನೋಡಿ. ಇಣುಕಿದ ಕಡೆ ಬೀಡನ್ನು ಒತ್ತಿ ಹಿಡಿದು ಟ್ಯೂಬನ್ನು ಒಳಗೆ ಸರಿಸಿ.

ಟೈರು ಆಕಾರಕ್ಕೆ ಬರುವಷ್ಟು ಗಾಳಿ ಹೊಡೆದು ಪೂರ್ತಿ ಬಿಟ್ಟುಬಿಡಿ. ಟ್ಯೂಬಿನ ಮಡಿಕೆಗಳು ಹೀಗೆ ಬಿಚ್ಚಿಕೊಳ್ಳುತ್ತವೆ. ಮತ್ತೆ ಹೊಡೆಯಿರಿ. ಬೀಡ್ ಅಂಚಿಗೆ ಬಂದು ಕೂರುವಾಗ ಒಂದೆರಡು ಸಲ ಟಕ್ ಎಂಬ ಸದ್ದು ಕೇಳುತ್ತದೆ. ಬೆರಳು ಅಂಚಿನ ಹತ್ತಿರ ಇರಬಾರದು. ಟೈರಿನ ಪಕ್ಕದಲ್ಲಿ ರಿಮ್ಮಿನ ಅಂಚಿಗೆ ಹತ್ತಿರವಾಗಿ ಸುತ್ತಲೂ ಒಂದು ಉಬ್ಬಿದ ಗೆರೆ ಇದೆ. ಚಕ್ರ ತಿರುಗಿಸಿ ನೋಡಿದಾಗ ಆ ಗೆರೆಗೂ ಅಂಚಿಗೂ ಇರುವ ದೂರ ಎಲ್ಲಾ ಕಡೆ ಒಂದೇ ಇರಬೇಕು. ಒಂದು ಕಡೆ ಗೆರೆ ಅಂಚಿನೊಳಗೆ ಮುಳುಗಿದ್ದರೆ ಅಲ್ಲಿ ಬೀಡ್ ಇನ್ನೂ ಕೂತಿಲ್ಲ. ಹಾಗೇ ಓಡಿಸಿದರೆ ಚಕ್ರ ಕುಣಿಯುತ್ತದೆ. ಗಾಳಿ ಬಿಟ್ಟು, ಆ ಜಾಗಕ್ಕೆ ಸೋಪಿನ ನೀರು ಹಾಕಿ, ಚಕ್ರವನ್ನು ನೆಲಕ್ಕೆ ಎರಡು ಸಲ ಕುಪ್ಪಳಿಸಿ ಮತ್ತೆ ಹೊಡೆಯಿರಿ. ಕೂರಲಿಲ್ಲ ಎಂದು ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಒತ್ತಡವನ್ನು ದಾಟಿ ಗಾಳಿ ತುಂಬಬೇಡಿ. ಕೂತ ಮೇಲೆ ಬೈಕಿನ ಪುಸ್ತಕದಲ್ಲಿ ಹೇಳಿದ ಒತ್ತಡಕ್ಕೆ ತನ್ನಿ.

ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ. ಮೇಲಕ್ಕೆ ತಂದು ಮುಚ್ಚಳದ ಕೆಳಗೆ ನಿಲ್ಲಿಸಿ. ಟೈರು ಜಾರಿದರೆ ಸಡಿಲ ವಾಲ್ವ್ ಓರೆಯಾಗಿ ನಿಂತು ನಿಮಗೆ ತೋರಿಸುತ್ತದೆ. ಬಿಗಿದ ವಾಲ್ವ್ ಒಳಗೊಳಗೇ ಹರಿಯುತ್ತದೆ.

ಚಕ್ರ ವಾಪಸ್ ಹಾಕಿ ನೋಡುವುದು

ಬಿಚ್ಚಿದ್ದರ ಉಲ್ಟಾ ಕ್ರಮ. ಫೋಟೋ ನೋಡಿ ಸ್ಪೇಸರ್ ಹಾಕಿ. ಆಕ್ಸಲ್ ಬಿಗಿ ಮಾಡುವ ಮೊದಲು ಎರಡು ಕಡೆಯ ಚೈನ್ ಅಡ್ಜಸ್ಟರ್ ಒಂದೇ ಗುರುತಿನಲ್ಲಿ ಇವೆಯೇ ನೋಡಿ. ಬ್ರೇಕ್ ಪ್ಲೇಟಿನ ಪಟ್ಟಿಯ ನಟ್ಟು ಮರೆಯಲೇಬೇಡಿ. ಅದಿಲ್ಲದೆ ಬ್ರೇಕ್ ಒತ್ತಿದರೆ ಪ್ಲೇಟ್ ಚಕ್ರದ ಜೊತೆ ತಿರುಗಿ ರಾಡನ್ನು ಮುರಿಯುತ್ತದೆ, ಚಕ್ರ ಒಮ್ಮೆಲೇ ಕಟ್ಟಿಕೊಳ್ಳಬಹುದು. ಬ್ರೇಕ್ ಅಡ್ಜಸ್ಟ್ ಮಾಡಿ, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಪೆಡಲ್ ಒತ್ತಿದರೆ ನಿಲ್ಲಬೇಕು.

ಗೇಜು ನೋಡಿ ಗಾಳಿಯ ಅಳತೆ ಬರೆದಿಡಿ, ರಾತ್ರಿಯಿಡೀ ಬೈಕ್ ನಿಲ್ಲಿಸಿ ಬೆಳಗ್ಗೆ ಮತ್ತೆ ಅಳೆಯಿರಿ. ಗೇಜು ಹಾಕಿ ತೆಗೆಯುವಾಗ ಹೋಗುವ ಗಾಳಿಗೆ ಒಂದು ಪಿಎಸ್‌ಐ ವ್ಯತ್ಯಾಸ ಬರಬಹುದು. ನಾಲ್ಕೈದು ಇಳಿದಿದ್ದರೆ ಮೊದಲು ವಾಲ್ವ್ ಪಿನ್ನಿಗೆ ಎಂಜಲು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಬರದಿದ್ದರೆ ಟ್ಯೂಬ್ ಎಲ್ಲೋ ಸಣ್ಣದಾಗಿ ಕಚ್ಚಿದೆ, ಬಿಚ್ಚಬೇಕು. ದಾರಿಯಲ್ಲಿ ಕೂರುವುದಕ್ಕಿಂತ ಮನೆ ಅಂಗಳದಲ್ಲೇ ಬಿಚ್ಚುವುದು ಒಳ್ಳೆಯದಲ್ವಾ.

ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ ನೂರು ಕಿಲೋಮೀಟರ್ ತಿರುವುಗಳಲ್ಲಿ ಜಾಸ್ತಿ ವಾಲಿಸಬೇಡಿ, ಗಕ್ಕನೆ ಬ್ರೇಕ್ ಹಿಡಿಯಬೇಡಿ, ಒದ್ದೆ ರಸ್ತೆಯಲ್ಲಂತೂ ಇನ್ನೂ ಹುಷಾರು. ಅದಾದ ಮೇಲೆ ಒಮ್ಮೆ ಕೂತು ವಾಲ್ವ್ ನೋಡಿ. ರಿಮ್ಮಿನಿಂದ ನೆಟ್ಟಗೆ ಎದ್ದಿದ್ದರೆ ಎಲ್ಲ ಸರಿ. ಒಂದು ಕಡೆ ವಾಲಿದ್ದರೆ ಟೈರು ಜಾರಿದೆ. ಗಾಳಿ ಪೂರ್ತಿ ಬಿಟ್ಟು, ಎರಡೂ ಬೀಡ್ ಬಿಡಿಸಿ, ವಾಲ್ವ್ ನೇರವಾಗುವ ತನಕ ಟೈರನ್ನು ರಿಮ್ಮಿನ ಮೇಲೆ ಕೈಯಿಂದ ತಿರುಗಿಸಿ, ಮತ್ತೆ ಗಾಳಿ ಹಾಕಿ. ಇದಕ್ಕೆ ಲಿವರ್ ಬೇಕಿಲ್ಲ.